ಜೆಡಿ-ವಿಸಿಸಿ ಜಂಪರ್ ತೆಗೆದ ಮೇಲೆ ರಿಲೇ ಸರಿಯಾಗಿ ಎಳೀತಿಲ್ಲ (ಇಎಸ್‌ಪಿ32, 230 ವೋಲ್ಟ್ ಬಲ್ಬ್)

ಗೋಕಾಕ_ಬೋರ್ಡ್

ನಮಸ್ಕಾರ್ರಿ. ಅಂಗಳದಾಗಿನ 9 ವಾಟ್ ಎಲ್‌ಇಡಿ ಬಲ್ಬ್‌ನ್ನ ಇಎಸ್‌ಪಿ32 ಬೋರ್ಡಿನಿಂದ ಹಚ್ಚಿ ಆರಿಸಬೇಕಾಗೇತಿ. ನನ್ನ ಹತ್ರ ಇರೋದು ನೀಲಿ ರಿಲೇ ಇರೋ ಎರಡು ಚಾನೆಲ್ ಮಾಡ್ಯೂಲ್. ರಿಲೇ 5 ವೋಲ್ಟ್ ಕಾಯಿಲ್‌ದು, ಪಕ್ಕಕ್ಕ ಪಿಸಿ817 ಆಪ್ಟೋಕಪ್ಲರ್ ಅದಾವ.

ಮೊದಲ ಕಾಯಿಲ್‌ಗೆ ಕರೆಂಟ್ ಕೊಡೋ ಜೆಡಿ-ವಿಸಿಸಿ ಪಿನ್ನನ್ನ ವಿಸಿಸಿಗೆ ಸೇರಿಸೋ ಜಂಪರ್ ಇದ್ದಂಗ ಬಿಟ್ಟು ಇಎಸ್‌ಪಿ32ದಿಂದನ 5 ವೋಲ್ಟ್ ಕೊಟ್ಟಿದ್ದೆ. ರಿಲೇ ಎಳೀತಿತ್ತು, ಆದ್ರ ನಡುನಡುವ ಬೋರ್ಡ್ ರೀಸ್ಟಾರ್ಟ್ ಆಗಿ ಸೀರಿಯಲ್ ಮಾನಿಟರ್‌ದಾಗ ಇದು ಬರ್ತಿತ್ತು:

```
Brownout detector was triggered
```

ಹಿಂಗಾಗಿ ಜಂಪರ್ ತೆಗೆದು ಜೆಡಿ-ವಿಸಿಸಿಗೆ ಬ್ಯಾರೆ ಮೊಬೈಲ್ ಚಾರ್ಜರ್‌ನಿಂದ 5 ವೋಲ್ಟ್ ಕೊಟ್ಟೀನಿ. ವಿಸಿಸಿಯನ್ನ ಇಎಸ್‌ಪಿ32ದ 3.3 ವೋಲ್ಟ್ ಪಿನ್ನಿಗೆ, ಐಎನ್1 ಅನ್ನ 26ನೇ ಪಿನ್ನಿಗೆ ಜೋಡಿಸೀನಿ. ಗ್ರೌಂಡ್ ಎಲ್ಲಾ ಒಂದ ಮಾಡೀನಿ. ಈಗ ಸಣ್ಣ ಕೆಂಪು ಎಲ್‌ಇಡಿ ಮಂದ ಹತ್ತತೈತಿ, ರಿಲೇ ಒಮ್ಮೆ ಟಿಕ್ ಅಂತೈತಿ, ಒಮ್ಮೆ ಸುಮ್ಮನಿರತೈತಿ. 230 ವೋಲ್ಟ್ ಇನ್ನೂ ಜೋಡಿಸಿಲ್ಲ. ಎಲ್ಲಿ ನೋಡಬೇಕ್ರಿ?

ಬಾಗಲಕೋಟಿ_ಸೋಲ್ಡರ್

ವಿಸಿಸಿಗೆ 3.3 ಸಾಲೂದಿಲ್ರಿ, 5 ವೋಲ್ಟ್ ಕೊಡ್ರಿ, ಎಳೀತೈತಿ. ಗ್ರೌಂಡ್ ಒಂದ ಮಾಡಿದ್ದು ಸರಿ ಐತಿ. ಗ್ರೌಂಡ್ ಕಾಮನ್ ಇಲ್ಲದ ಯಾವ ಸಿಗ್ನಲ್ಲೂ ಹೋಗೂದಿಲ್ಲ. ಆಪ್ಟೋ ಹೆಂಗೂ ಬೋರ್ಡ್ ಮ್ಯಾಲೇ ಐತಿ, ಐಸೊಲೇಶನ್ ಅದು ನೋಡಿಕೊಳ್ತೈತಿ.

ಖಾನಾಪುರ_ಪಿಸಿಬಿ

ಮೇಲಿನವರು 3.3 ಸಾಲದು ಅಂದದ್ದು ಸರಿ. ಗ್ರೌಂಡ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ, ಈ ಮಾಡ್ಯೂಲ್‌ನಲ್ಲಿ ಅದೇ ಮುಖ್ಯ.

ಮೊದಲು ರಿಲೇ ಯಾಕೆ ಎಳೆಯುತ್ತಿಲ್ಲ ನೋಡೋಣ. ಈ ಬೋರ್ಡಿನಲ್ಲಿ ಕರೆಂಟು ವಿಸಿಸಿಯಿಂದ ಹೊರಟು ಒಂದು ರೆಸಿಸ್ಟರ್, ಆಪ್ಟೋದ ಒಳಗಿನ ಎಲ್‌ಇಡಿ, ಆ ಕೆಂಪು ಎಲ್‌ಇಡಿ ದಾಟಿ ಐಎನ್1ಕ್ಕೆ ಬರುತ್ತದೆ. ರೆಸಿಸ್ಟರ್ ಮೇಲೆ 102 ಅಂತ ಬರೆದಿದ್ದರೆ ಅದು 1 ಕಿಲೋಓಮ್. ಎರಡು ಎಲ್‌ಇಡಿಗಳು ಸೇರಿ ಸುಮಾರು 2.8ರಿಂದ 3 ವೋಲ್ಟ್ ತಿನ್ನುತ್ತವೆ. ನೀವು ಕೊಟ್ಟಿರುವುದೇ 3.3. ರೆಸಿಸ್ಟರ್ ಪಾಲಿಗೆ ಅರ್ಧ ವೋಲ್ಟ್ ಉಳಿದರೆ ಹರಿಯುವುದು ಅರ್ಧ ಮಿಲಿಆಂಪ್ ಅಷ್ಟೇ. ಆಪ್ಟೋದ ಆಚೆಗಿನ ಟ್ರಾನ್ಸಿಸ್ಟರ್ ಕಾಯಿಲ್‌ಗೆ ಸುಮಾರು 70 ಮಿಲಿಆಂಪ್ ಎಳೆಯಬೇಕು, ಅಷ್ಟು ಸಣ್ಣ ಕರೆಂಟಿನಲ್ಲಿ ಅದು ಅರೆಬರೆ ತೆರೆಯುತ್ತದೆ. ಮಂದ ಬೆಳಕು, ಒಮ್ಮೆ ಟಿಕ್ ಒಮ್ಮೆ ಇಲ್ಲ ಅನ್ನುವುದು ಇದರದೇ ಲಕ್ಷಣ. ವಿಸಿಸಿಗೆ 5 ವೋಲ್ಟ್ ಕೊಟ್ಟರೆ ಅದೇ ದಾರಿಯಲ್ಲಿ 2 ಮಿಲಿಆಂಪ್ ಹರಿಯುತ್ತದೆ, ಅದು ಬೇಕಾದಷ್ಟಾಯಿತು.

ಆದರೆ ಆ 5 ವೋಲ್ಟ್ ಇಎಸ್‌ಪಿ32ದ ವಿಐಎನ್ ಪಿನ್ನಿನಿಂದಲೇ ಬರಬೇಕು, ಚಾರ್ಜರ್‌ನಿಂದ ಅಲ್ಲ.

ಈಗ ಗ್ರೌಂಡ್. ಮೇಲೆ ಹೇಳಿದ ದಾರಿಯಲ್ಲಿ ಮಾಡ್ಯೂಲ್‌ನ ಗ್ರೌಂಡ್ ಎಲ್ಲೂ ಬರಲೇ ಇಲ್ಲ. ಕರೆಂಟು ವಿಸಿಸಿಯಲ್ಲಿ ಒಳಬಂದು ಐಎನ್1ರಲ್ಲಿ ಹೊರಟು ಇಎಸ್‌ಪಿ32ಕ್ಕೇ ತಿರುಗಿ ಹೋಗುತ್ತದೆ, ಸುತ್ತು ಪೂರ್ತಿಯಾಯಿತು. ಮಾಡ್ಯೂಲ್ ಮೇಲಿನ ಎರಡೂ ಗ್ರೌಂಡ್ ಪಿನ್ನುಗಳು, ಐಎನ್1ರ ಪಕ್ಕದ್ದು ಮತ್ತು ಜೆಡಿ-ವಿಸಿಸಿಯ ಸಾಲಿನದು, ಒಂದೇ ಟ್ರ್ಯಾಕ್, ಎರಡೂ ಕಾಯಿಲ್ ಬದಿಗೆ ಸೇರಿದವು. ಮಲ್ಟಿಮೀಟರ್‌ನ ಬೀಪ್‌ನಲ್ಲಿ ಹಿಡಿದು ನೋಡಿ. ಐಎನ್1ರ ಪಕ್ಕದ ಗ್ರೌಂಡನ್ನು ಇಎಸ್‌ಪಿ32ಕ್ಕೆ ಜೋಡಿಸಿದ ಕ್ಷಣವೇ ಆಪ್ಟೋದ ಎರಡೂ ಬದಿ ಒಂದಾದವು. ಆ ಪಿನ್ ಖಾಲಿ ಇರಲಿ.

ಬಾಗಲಕೋಟಿ_ಸೋಲ್ಡರ್

ಸರ್, ಒಂದ ಮಾತು. ರಿಲೇ ಒಳಗ ಕಾಯಿಲ್‌ಗೂ ಕಾಂಟ್ಯಾಕ್ಟ್‌ಗೂ ಹೆಂಗೂ ಸಂಬಂಧ ಇಲ್ಲ. 230 ವೋಲ್ಟ್ ಅಲ್ಲೇ ನಿಂತುಬಿಡ್ತೈತಿ. ಹಂಗಿದ್ದ ಮ್ಯಾಲೆ ಗ್ರೌಂಡ್ ಸೇರಿದ್ರ ಏನ್ ಅಪಾಯ?

ಖಾನಾಪುರ_ಪಿಸಿಬಿ

ಮೊದಲ ತಡೆ ರಿಲೇಯೇ, ಅದರಲ್ಲಿ ಅನುಮಾನವಿಲ್ಲ. ಗ್ರೌಂಡ್ ಸೇರಿದ್ದರಿಂದ ಇವತ್ತೇ ಶಾಕ್ ಹೊಡೆಯುವುದೂ ಇಲ್ಲ. ಆದರೆ ಬೋರ್ಡ್ ಮಗುಚಿ ಈ ನೀಲಿ ರಿಲೇಯ ಪಿನ್ನುಗಳನ್ನು ನೋಡಿ: ಕಾಮನ್ ಪಿನ್ ಇರುವುದು ಕಾಯಿಲ್‌ನ ಎರಡು ಪಿನ್ನುಗಳ ಮಧ್ಯದಲ್ಲೇ. ಫೇಸ್ ಬರುವ ಜಾಗಕ್ಕೂ 5 ವೋಲ್ಟ್ ಇರುವ ಜಾಗಕ್ಕೂ ಬೋರ್ಡ್ ಮೇಲೆ ಉಳಿಯುವ ಅಂತರ ಕೆಲವೇ ಮಿಲಿಮೀಟರ್. ಅಂಗಳದ ಡಬ್ಬಿಯಲ್ಲಿ ಮಳೆಗಾಲದ ತೇವ, ಧೂಳು, ಇರುವೆ ಸೇರಿದರೆ ಆ ಮೇಲ್ಮೈ ಮೇಲೇ ಕರೆಂಟು ದಾರಿ ಮಾಡಿಕೊಳ್ಳುತ್ತದೆ. ರಿಲೇ ಒಳಗೆ ಏನೂ ಕೆಡದೆ ಕಾಯಿಲ್ ಬದಿಗೆ ಫೇಸ್ ಬಂದಿರುತ್ತದೆ. ಆಗ ಗ್ರೌಂಡ್ ಸೇರಿದ್ದರೆ ಅದು ಯುಎಸ್‌ಬಿ ಕೇಬಲ್ ಹಿಡಿದು ಲ್ಯಾಪ್‌ಟಾಪಿನ ತನಕ ಬರುತ್ತದೆ. ಸೇರಿರದಿದ್ದರೆ ಆಪ್ಟೋ ಹತ್ತಿರ ನಿಲ್ಲುತ್ತದೆ. ಎರಡನೇ ತಡೆ ಬೇಕಾಗುವುದು ಮೊದಲನೆಯದು ಕೈಕೊಟ್ಟ ದಿನಕ್ಕೆ.

ಇದರಿಂದಲೇ ಇನ್ನೊಂದು ಮಾತು: ಕಾಯಿಲ್‌ಗೆ ಕೊಟ್ಟ ಚಾರ್ಜರ್ ಡಬ್ಬಿಯ ಒಳಗೇ ಇರಬೇಕು. ಅದರ ಇನ್ನೊಂದು ಪೋರ್ಟಿಗೆ ಮೊಬೈಲ್ ಚುಚ್ಚಬೇಡಿ.

ಇಂಡಿ_ಲಿಂಬಿ

ನಮ್ಮ ತೋಟದಾಗ ಇಂಥದೇ ಮಾಡ್ಯೂಲ್ ಅದ ರೀ. ಹಾಳಾದ ಎಲ್‌ಇಡಿ ಬಲ್ಬ್ ಬಿಚ್ಚಿ ಅದರ ಡ್ರೈವರ್‌ದಾಗ ಝೀನರ್ ಹಾಕಿ 5 ವೋಲ್ಟ್ ಮಾಡಿ ಜೆಡಿ-ವಿಸಿಸಿಗೆ ಕೊಟ್ಟೀವಿ. ಛಲೋ ನಡದದ. ಇದಕ್ಕೇ ಬೋರ್ ಮೋಟಾರ್ ಸುದ್ದಾ ಹಚ್ಚಬಹುದಾ? ಮ್ಯಾಲ 10 ಆಂಪ್ ಅಂತ ಬರದದ.

ಖಾನಾಪುರ_ಪಿಸಿಬಿ

ಇಂಡಿಯವರೇ, ದಯವಿಟ್ಟು ಮೊದಲು ಅದರ ಮೇನ್ ಬಂದ್ ಮಾಡಿ. ಅಗ್ಗದ ಬಲ್ಬಿನ ಡ್ರೈವರ್‌ಗಳಲ್ಲಿ ಬಹಳಷ್ಟಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಅದರ ಪ್ಲಸ್ ಮೈನಸ್ ನಡುವೆ ಮೀಟರ್ 5 ವೋಲ್ಟ್ ತೋರಿಸುತ್ತದೆ, ಆದರೆ ಎರಡೂ ತಂತಿ ನೆಲಕ್ಕೆ ಹೋಲಿಸಿದರೆ ಫೇಸ್ ಮೇಲೇ ಇರಬಹುದು. ಮೈನಸ್ ಮುಟ್ಟಿದರೂ ಜೀವಕ್ಕೆ ಅಪಾಯ. ನಿಮ್ಮಲ್ಲಿ ಕಾಯಿಲ್ ಬದಿ ಪೂರ್ತಿ ಮೇನ್ಸ್ ಆಗಿಬಿಟ್ಟಿದೆ, ರಿಲೇಯ ತಡೆ ಲೆಕ್ಕಕ್ಕೇ ಇಲ್ಲ. ಗ್ರೌಂಡನ್ನೂ ಸೇರಿಸಿದ್ದರೆ ನಿಮ್ಮ ಮೈಕ್ರೊಕಂಟ್ರೋಲರ್ ಬೋರ್ಡ್ ಮುಟ್ಟುವುದೂ ಫೇಸ್ ಮುಟ್ಟುವುದೂ ಒಂದೇ. ಬಿಐಎಸ್ ಗುರುತಿನ ಚಾರ್ಜರ್ ಇಲ್ಲವೇ ಹೈ-ಲಿಂಕ್ ಪಿಎಂ01 ತರಹದ 5 ವೋಲ್ಟ್ 3 ವಾಟ್ ಮಾಡ್ಯೂಲ್ ಹಾಕಿ, ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ಮೋಟಾರ್ ಇದರ ಕೆಲಸ ಅಲ್ಲ. 10 ಆಂಪ್ ಅನ್ನುವುದು ಹೀಟರ್ ತರಹದ ಲೋಡಿಗೆ. ಮೋಟಾರ್ ಶುರುವಾಗುವಾಗ ಹಲವು ಪಟ್ಟು ಎಳೆಯುತ್ತದೆ, ಕಾಂಟ್ಯಾಕ್ಟ್ ಅಂಟಿಕೊಂಡರೆ ನಿಲ್ಲಿಸಲು ಬರುವುದಿಲ್ಲ. ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್‌ನ್ನು ಹೇಗೆ ನಡೆಸುವುದು ಅಂತ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಗೋಕಾಕದವರಿಗೆ: ವಿಸಿಸಿ 5 ವೋಲ್ಟ್ ಆದಾಗ ಐಎನ್1 ಅನ್ನು ನೇರ 26ನೇ ಪಿನ್ನಿಗೆ ಜೋಡಿಸಬೇಡಿ. ಇಎಸ್‌ಪಿ32ದ ಪಿನ್ನುಗಳು 3.3 ವೋಲ್ಟಿನವು. ಕೆಂಪು ಎಲ್‌ಇಡಿ ಸಾಲಿನಲ್ಲೇ ಇರುವ ಬೋರ್ಡುಗಳಲ್ಲಿ ಹೇಗೋ ಆಫ್ ಆಗುತ್ತದೆ, ಇಲ್ಲದವುಗಳಲ್ಲಿ ರಿಲೇ ಆರುವುದೇ ಇಲ್ಲ. ನಡುವೆ ಒಂದು ಬಿಸಿ547 ಹಾಕಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಕಲೆಕ್ಟರ್ ಐಎನ್1ಕ್ಕೆ, ಎಮಿಟರ್ ಇಎಸ್‌ಪಿ32ದ ಗ್ರೌಂಡಿಗೆ. 26ನೇ ಪಿನ್ನಿನಿಂದ 4.7 ಕಿಲೋಓಮ್ ಮೂಲಕ ಬೇಸಿಗೆ. ಬೇಸ್ ಮತ್ತು ಎಮಿಟರ್ ನಡುವೆ 10 ಕಿಲೋಓಮ್. ಈ ಹತ್ತನ್ನು ಬಿಡಬೇಡಿ. ಬೋರ್ಡ್ ಬೂಟ್ ಆಗುವ ತನಕ ಪಿನ್ ಎತ್ತಲೂ ಇರದೆ ತೇಲುತ್ತಿರುತ್ತದೆ, ಆಗ ರಿಲೇಯನ್ನು ಆಫ್ ಹಿಡಿಯುವುದು ಇದೇ. ಇಲ್ಲಿ ಬರುವ ಗ್ರೌಂಡ್ ಇಎಸ್‌ಪಿ32ದು ಮಾತ್ರ, ಮಾಡ್ಯೂಲಿನದು ಅಲ್ಲ. ಹಾಗಾಗಿ ಐಸೊಲೇಶನ್ ಹಾಗೇ ಉಳಿಯುತ್ತದೆ.

ಲಾಜಿಕ್ ಈಗ ನೇರವಾಯಿತು, HIGH ಕೊಟ್ಟರೆ ಬಲ್ಬ್ ಹತ್ತುತ್ತದೆ:

```cpp
const int RELAY = 26;

void setup() {
  pinMode(RELAY, OUTPUT);
  digitalWrite(RELAY, LOW);
}

void loop() {
  digitalWrite(RELAY, HIGH);
  delay(5000);
  digitalWrite(RELAY, LOW);
  delay(5000);
}
```

ಜೋಡಿಸಿದ ಮೇಲೆ ಎಲ್ಲ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಕೇಬಲನ್ನೂ ತೆಗೆದು, ಮೀಟರನ್ನು ಓಮ್ಸ್‌ನ ಅತಿ ದೊಡ್ಡ ರೇಂಜಿಗೆ ಇಡಿ. ಒಂದು ಕಡ್ಡಿ ಇಎಸ್‌ಪಿ32ದ ಗ್ರೌಂಡಿಗೆ, ಇನ್ನೊಂದು ಜೆಡಿ-ವಿಸಿಸಿ ಸಾಲಿನ ಗ್ರೌಂಡಿಗೆ. ಓಪನ್ ತೋರಿಸಬೇಕು. ಕಡ್ಡಿ ಅದಲುಬದಲು ಮಾಡಿಯೂ ನೋಡಿ. ಆಮೇಲೆ ರಿಲೇಯ ಮೂರೂ ಸ್ಕ್ರೂಗಳಿಂದ ಎರಡೂ ಗ್ರೌಂಡುಗಳಿಗೆ ಹಾಗೇ ನೋಡಿ. ಎಲ್ಲಾದರೂ ಅಂಕಿ ಬಂದರೆ 230 ಕಡೆಗೆ ಹೋಗಬೇಡಿ. ಮೀಟರ್ ಪರೀಕ್ಷೆ ಆಗುವುದು ಅದರ ಬ್ಯಾಟರಿಯ ವೋಲ್ಟೇಜಿನಲ್ಲಿ ಮಾತ್ರ, ವೈರಿಂಗ್ ತಪ್ಪಿದ್ದರೆ ಹಿಡಿಯುತ್ತದೆ. ಬೋರ್ಡ್ 230 ತಡೆಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಗೋಕಾಕ_ಬೋರ್ಡ್

ಎಲ್ಲಾ ಹೇಳಿದಂಗ ಮಾಡೀನ್ರಿ. ಕೆಂಪು ಎಲ್‌ಇಡಿ ಈಗ ಪೂರ್ತಿ ಹತ್ತತೈತಿ, ರಿಲೇ ಪ್ರತಿ ಸಲ ಎಳೀತೈತಿ, ವೈ-ಫೈ ಚಾಲೂ ಇದ್ದಾಗೂ ಬ್ರೌನ್‌ಔಟ್ ಬರವಲ್ದು. ರಿಲೇ ಎಳೆದಾಗ ಐಎನ್1ರ ಮ್ಯಾಲ ಇಎಸ್‌ಪಿ32 ಗ್ರೌಂಡಿನಿಂದ 0.1 ವೋಲ್ಟ್ ಐತಿ. ಎರಡು ಗ್ರೌಂಡಿನ ನಡುವ ಮೀಟರ್ ಓಪನ್ ತೋರಸ್ತೈತಿ. ಇನ್ನ 230 ಹೆಂಗ ಹಚ್ಚಲಿ? ಬೋರ್ಡ್ ಕೆಳಗ ಕಾಮನ್ ಪಿನ್ನಿನ ಸುತ್ತ 230 ಬದಿಯನ್ನ ಬ್ಯಾರೆ ಮಾಡೋ ಸೀಳು ಇಲ್ರಿ, ಸಾದಾ ಐತಿ.

ಜಮಖಂಡಿ_ವೈರಿಂಗ್

230 ಬದಿ ನಾ ಹೇಳ್ತೀನಿ. ಎಂಸಿಬಿ ಕೆಳಗ ಮಾಡಿ, ಟೆಸ್ಟರ್ ಒಂದನ್ನ ನಂಬಬ್ಯಾಡ್ರಿ, ಮೀಟರ್‌ನಿಂದ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡೂ ನೋಡಿ ಕೈ ಹಾಕ್ರಿ. ರಿಲೇ ಫೇಸಿನ ದಾರ್ಯಾಗ ಬರಬೇಕು, ನ್ಯೂಟ್ರಲ್ ಸೀದಾ ಹೋಲ್ಡರಿಗೆ. ನ್ಯೂಟ್ರಲ್ ಕಡದ್ರ ಬಲ್ಬ್ ಆರಿದ ಮ್ಯಾಲೂ ಹೋಲ್ಡರ್‌ದಾಗ ಫೇಸ್ ಇರತೈತಿ, ಎಲ್‌ಇಡಿ ಬಲ್ಬ್ ರಾತ್ರಿ ಮಿಣಮಿಣ ಅಂತಿರತೈತಿ. ವೈರ್ 1 ಸ್ಕ್ವೇರ್ ಎಂಎಂ ತಾಮ್ರ, ರಿಲೇಗಿಂತ ಮೊದಲ 1 ಆಂಪ್ ಫ್ಯೂಸ್. ಎಳಿ ಒಂದೂ ಹೊರಗ ಉಳೀಬಾರದು. ಸ್ಕ್ರೂ ಬಿಗಿ ಮಾಡಿ ಎಳೆದು ನೋಡ್ರಿ. ಡಬ್ಬಿ ಪ್ಲಾಸ್ಟಿಕ್ಕಿಂದು, ಫೇಸ್ ವೈರ್ ಒಂದ ಬದಿಯಿಂದ, 5 ವೋಲ್ಟ್ ವೈರ್ ಎದುರ ಬದಿಯಿಂದ ಬರಲಿ. ಎರಡನೇ ಚಾನೆಲ್ಲಿಗೆ 12 ವೋಲ್ಟ್ ಏನೂ ಹಚ್ಚಬ್ಯಾಡ್ರಿ, ಸ್ಕ್ರೂಗಳು ಪಕ್ಕಪಕ್ಕನ ಅದಾವ.

ಸೀಳು ಇಲ್ಲದ ಬೋರ್ಡಿಗೆ ನಾ ಫೇಸನ್ನ ಎನ್‌ಒಗೆ ಕೊಟ್ಟು ಕಾಮನ್‌ನಿಂದ ಬಲ್ಬಿಗೆ ತಗೊಳ್ತೀನಿ. ಬಲ್ಬ್ ಆರಿದ್ದಾಗ ಕಾಯಿಲ್ ಪಕ್ಕದ ಪಿನ್ನಿನಾಗ ಫೇಸ್ ಇರೂದಿಲ್ಲ.

ಖಾನಾಪುರ_ಪಿಸಿಬಿ

ವೈರಿಂಗಿಗೆ ನನ್ನ ಪೂರ್ತಿ ಒಪ್ಪಿಗೆ. ಫೇಸ್ ಎನ್‌ಒಗೆ ಕೊಡುವುದು ಕೆಲಸ ಮಾಡುತ್ತದೆ, ಆದರೆ ಬಲ್ಬ್ ಹತ್ತಿರುವಷ್ಟೂ ಹೊತ್ತು ಕಾಮನ್ ಮೇಲೆ ಫೇಸ್ ಇದ್ದೇ ಇರುತ್ತದೆ. ಅಂಗಳದ ಬಲ್ಬ್ ಹತ್ತುವುದು ರಾತ್ರಿ, ತೇವ ಕೂರುವುದೂ ಆಗಲೇ. ನಾನಾದರೆ ಸೀಳಿರುವ ಬೋರ್ಡ್ ತಂದು ಇದನ್ನು 12 ವೋಲ್ಟ್ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.

ಜಮಖಂಡಿ_ವೈರಿಂಗ್

ಹಗಲು ಹನ್ನೆರಡು ತಾಸಾದ್ರೂ ಕಡಿಮಿ ಆತಲ್ರಿ. ಡಬ್ಬಿ ಮನಿ ಒಳಗಿನ ಗ್ವಾಡಿಗೆ ಹೊಡದು ಬಲ್ಬಿನ ವೈರ್ ಅಷ್ಟ ಹೊರಗ ತಗೊಂಡ್ರ ಈ ಬೋರ್ಡೂ ನಡೀತೈತಿ ಅನ್ನೋದು ನನ್ನ ಲೆಕ್ಕ.

ಗೋಕಾಕ_ಬೋರ್ಡ್

ಡಬ್ಬಿ ಒಳಗ ತರತೀನ್ರಿ, ವರಾಂಡದ ಗ್ವಾಡಿಗೆ ಜಾಗ ಐತಿ. ಸೀಳಿದ್ದ ಬೋರ್ಡ್ ಬರೂತನಕ 230 ಹಚ್ಚೂದಿಲ್ಲ. ಫೇಸ್ ಕಾಮನ್‌ಗೋ ಎನ್‌ಒಗೋ ಅನ್ನೋದಕ್ಕ ಮತ್ತ ಯಾರರ ಕಾರಣ ಸಹಿತ ಬರದ್ರ ಛಲೋ ಆಕ್ಕೈತಿ.