ಅಪ್‌ಡೇಟ್: ಮನೆಗೊಂದೇ ಫೋನ್ ಇದ್ದಾಗ ಲಾಗಿನ್

ನಾನು ಕೇಳಿದ್ದು: "ಸಿಂಧನೂರು ಕಡೆಯ ಸ್ವಸಹಾಯ ಸಂಘಗಳ ಉಳಿತಾಯ-ಸಾಲದ ಆ್ಯಪ್‌ಗೆ ಒಟಿಪಿ ಲಾಗಿನ್ ಇಡಲೋ, ಇಮೇಲೋ? ಮನೆಗೊಂದೇ ಫೋನ್."

ಇಮೇಲ್ ಕೈಬಿಟ್ವಿ. ಫೋನ್‌ನಲ್ಲಿ ಜಿಮೇಲ್ ಇರುತ್ತೆ, ಆದರೆ ಮಾಡಿಕೊಟ್ಟಿದ್ದು ಮೊಬೈಲ್ ಅಂಗಡಿಯವರು. ಪಾಸ್‌ವರ್ಡ್ ಮನೇಲಿ ಯಾರಿಗೂ ಗೊತ್ತಿಲ್ಲ.

ಒಟಿಪಿ ಉಳಿಸಿಕೊಂಡ್ವಿ, ಆದರೆ ನಂಬರೇ ಅಕೌಂಟ್ ಅಲ್ಲ. ಡೇಟಾಬೇಸ್‌ನಲ್ಲಿ `phone` ಮೇಲಿದ್ದ `UNIQUE` ತೆಗೆದು `member_id` ಮೇಲೆ ಹಾಕಿದ್ವಿ. ಹೊಸ ಫೋನ್‌ನಲ್ಲಿ ಮೊದಲ ಸಲ ಮಾತ್ರ ಒಟಿಪಿ. ಆಮೇಲೆ ಅತ್ತೆ, ಸೊಸೆ ಇಬ್ಬರ ಫೋಟೋನೂ ಕಾಣುತ್ತೆ. ತಮ್ಮದನ್ನ ಒತ್ತಿ ನಾಲ್ಕಂಕಿ ಪಿನ್ ಹಾಕಿದರಾಯ್ತು.

ತಲೆನೋವು ಇರೋದು ಪಿನ್ ಮರೆತಾಗ. ಒಟಿಪಿಯಿಂದಲೇ ಪಿನ್ ಬದಲಿಸೋಕೆ ಬಿಟ್ಟರೆ, ಫೋನ್ ಕೈಲಿರೋರು ಯಾರು ಬೇಕಾದ್ರೂ ಸೊಸೆಯ ಲೆಕ್ಕ ತೆಗೀಬಹುದು. ಆಗ ಪಿನ್ ಇದ್ದೂ ಇಲ್ಲದಂಗೆ. ಹಾಗಾಗಿ ವಾರದ ಸಭೇಲಿ ಸಂಘದ ಪ್ರತಿನಿಧಿ ಆಕೆಯನ್ನ ಎದುರಿಗೆ ಕಂಡು ತಮ್ಮ ಲಾಗಿನ್‌ನಿಂದ ರೀಸೆಟ್ ಮಾಡ್ತಾರೆ. ಸಭೆವರೆಗೂ ಕಾಯಬೇಕು ಅಂತ ಬೈತಾರೆ, ಬೈಯ್ಯಲಿ.

ಇನ್ನೊಂದು: ಬಂದ್ ಆದ ನಂಬರ್ 90 ದಿನದ ನಂತರ ಬೇರೆಯವರಿಗೆ ಹೋಗಬಹುದು. ಅದಕ್ಕೇ ಹೊಸ ಫೋನ್‌ನಲ್ಲಿ ಒಟಿಪಿ ಸರಿಯಿದ್ದರೂ, ಪಾಸ್‌ಬುಕ್ಕಿನ ಸದಸ್ಯ ಸಂಖ್ಯೆ ಹಾಕದೆ ಯಾರ ಹೆಸರೂ ಕಾಣಲ್ಲ.