ಸಹಾಯ ಬೇಕು: ಇದು ನೋಟ್ 7ಎಸ್ಸೋ, 7 ಪ್ರೋನೋ?

ಅಪ್ಪನ ರೆಡ್ಮಿ ಫೋನ್ ನೀರಿಗೆ ಬಿದ್ದು ಆನ್ ಆಗುತ್ತಿಲ್ಲ. ಚಾರ್ಜಿಂಗ್ ಬೋರ್ಡ್ ತರಿಸಲು ಅಂಗಡಿಯವರು ಸರಿಯಾದ ಮಾಡೆಲ್ ಕೇಳುತ್ತಿದ್ದಾರೆ. ಬಾಕ್ಸ್, ಬಿಲ್ ಎರಡೂ ಕಳೆದಿವೆ. ಸೆಟ್ಟಿಂಗ್ಸ್ ನೋಡೋಣ ಅಂದ್ರೆ ಡಿಸ್‌ಪ್ಲೇಯೇ ಬರಲ್ಲ. ಗೂಗಲ್ ಅಕೌಂಟಿನ ಡಿವೈಸ್ ಪಟ್ಟಿಯಲ್ಲಿ ಹೆಸರು ಸಿಗುತ್ತಿತ್ತೇನೋ, ಆದರೆ ಅಪ್ಪನಿಗೆ ಪಾಸ್‌ವರ್ಡ್ ನೆನಪಿಲ್ಲ.

ಹಿಂದೆ ಎಡ ಮೂಲೆಯಲ್ಲಿ ಒಂದರ ಕೆಳಗೊಂದು ಎರಡು ಕ್ಯಾಮೆರಾ, ಕೆಳಗೆ ಫ್ಲಾಶ್, ನಡುವೆ ದುಂಡನೆಯ ಫಿಂಗರ್‌ಪ್ರಿಂಟ್. ನೋಡಿದರೆ 2019ರ ನೋಟ್ 7 ಸರಣಿಯದ್ದೇ. ಪಕ್ಕದಲ್ಲಿ 48MP ಅಂತ ಬರೆದಿದೆ. ನಮ್ಮಲ್ಲಿ ಮಾರಿದ ಬರೀ ನೋಟ್ 7ರಲ್ಲಿ ಇದ್ದದ್ದು 12 ಮೆಗಾಪಿಕ್ಸೆಲ್, ಹಾಗಾಗಿ ಅದಲ್ಲ. ಉಳಿದದ್ದು 7ಎಸ್ ಮತ್ತು 7 ಪ್ರೋ. ಎರಡರಲ್ಲೂ 48, ಬೆನ್ನೂ ಹೆಚ್ಚುಕಮ್ಮಿ ಒಂದೇ ಥರ. ಪ್ರೊಸೆಸರ್ ಬೇರೆ, ಆದರೆ ಅದು ಹೊರಗೆ ಕಾಣಲ್ವಲ್ಲ!

ಫೋಟೋ ಹಾಕಿದ್ದೇನೆ. ಈ ಎರಡನ್ನೂ ಬಿಚ್ಚಿ ನೋಡಿದವರು ಇದ್ದರೆ, ಯಾವ ಗುರುತು ನೋಡಬೇಕು ಹೇಳಿ.