ವೆಸ್ಟ್ ಯಾವ್ದು, ವೆಸ್ಟ್ ಯಾವ್ದು? ಸ್ಪೀಚ್ ಥೆರಪಿಸ್ಟ್ ಮೇಡಂಗ ಕೇಳ್ರಿ

ಸೇಡಂ ಹುಡುಗಿ: ಮೇಡಂ, ಹೈದ್ರಾಬಾದ್‌ನಾಗ ಕಾಲ್ ಸೆಂಟರ್ ಇಂಟರ್‌ವ್ಯೂ ಅದ. ನಾ 'ವೆರಿ ವೆಲ್' ಅಂದ್ರ ವಿ, ಡಬ್ಲ್ಯು ಎರಡೂ ಒಂದೇ ಕೇಳಸ್ತಾವ ಅಂತಾರ. ವಿಡಿಯೋ ನೋಡಿ ತುಟಿ ಕಚ್ಚಿ ಕಚ್ಚಿ ಹೇಳಿದೆ, ಈಗ 'ವಾಟರ್', 'ವೈ' ಅನ್ನೋ ಮುಂದನೂ ಹಲ್ಲು ಹತ್ತಲಾಕತ್ತಾವ.

ಹುಮನಾಬಾದ್ ಸರ್: ತಂಗಿ, ವಿ ಅಂದ್ರ ಕೆಳತುಟಿ ಗಟ್ಟಿ ಕಚ್ಚಬೇಕು, ಡಬ್ಲ್ಯು ಅಂದ್ರ ತುಟಿ ಗುಂಡ ಮಾಡಬೇಕು. ನಾ ಸಾಲ್ಯಾಗ ಹಿಂಗೇ ಕಲಸ್ತೀನಿ.

ಥೆರಪಿಸ್ಟ್ ಮೇಡಂ: ಸರ್, ಗುಂಡ ಮಾಡೋದು ಸರಿ, ಗಟ್ಟಿ ಕಚ್ಚೋದು ತಪ್ಪು. ಕಚ್ಚಿದ್ರ ಗಾಳಿನೇ ನಿಂತು ಅದು 'ಬ' ಹಂಗ ಬರ್ತದ.

ತಂಗಿ, ನಮ್ಮ ಕನ್ನಡದ 'ವ' ಒಳಗ ತುಟಿ ಹಲ್ಲಿನ ಹತ್ರ ಹೋಗ್ತದ, ಆದ್ರ ಗಾಳಿ ಉಜ್ಜಂಗಿಲ್ಲ. ಅದೇ 'ವ' ನಾವು ವಿ-ಗೂ ಹಾಕ್ತೀವಿ ಡಬ್ಲ್ಯು-ಗೂ ಹಾಕ್ತೀವಿ. ಇಂಗ್ಲಿಷ್ ವಿ-ಗ ಗಾಳಿ ಉಜ್ಜಲೇಬೇಕು, ಡಬ್ಲ್ಯು-ಗ ಹಲ್ಲಿನ ಸಂಬಂಧನೇ ಇಲ್ಲ.

ನಿನಗ ಹಲ್ಲಿನ ಚಟ ಹತ್ತ್ಯಾದ, ಅದಕ್ಕ ಮೊದಲ ಡಬ್ಲ್ಯು ಒಂದೇ ಹಿಡಿ, ವಿ ಸದ್ಯಕ್ಕ ಬಿಡು. ಕನ್ನಡಿ ಮುಂದ ಕೂತು ಒಲಿ ಊದೋ ಹಂಗ ತುಟಿ ಮುಂದ ತಂದು ಉದ್ದಕ 'ಊ' ಅನ್ನು, ಅದರಿಂದ ನೇರ 'ಎಟ್'ಗ ಜಾರು. ಊ…ಎಟ್. ಊ ಕಡಿಮಿ ಮಾಡ್ತಾ ಹೋದ್ರ ನೀರಾಗ ತೋಯೋ 'ವೆಟ್' ಬರ್ತದ. ಊ ಅನ್ನೋ ಮುಂದನೇ ಕನ್ನಡಿಯಾಗ ಹಲ್ಲು ಕಂಡ್ರ ಜಾರೋದು ಅವಸರ ಆಯ್ತು ಅಂತ ತಿಳ್ಕೊ. ಆವಾಗ ಬೆರಳಿಂದ ಕೆಳತುಟಿ ಸ್ವಲ್ಪ ಮುಂದಕ್ಕ ಹಿಡ್ಕೊಂಡು ಹೇಳು, ಹಲ್ಲಿಗೆ ಹತ್ಲಿಕ್ಕೇ ಆಗಂಗಿಲ್ಲ.

ಅದು ಬಂದ ಮ್ಯಾಲ ವಿ. 'ಫಿಕರ್ ಮಾಡಬ್ಯಾಡ' ಅಂತೀವಲ್ಲ, ಆ 'ಫಿ' ಹೇಳಿ ನೋಡು. ಎರಡೂ ತುಟಿ ಕೂಡಿದ್ರ ಅದು 'ಫಲ'ದ ಫ, ಉಪಯೋಗಿಲ್ಲ. ಮ್ಯಾಲಿನ ಹಲ್ಲಿನ ತುದಿ ಕೆಳತುಟಿಯ ಒಳಗಿನ ಹಸಿ ಅಂಚಿಗೆ ಹಗರಕ ತಾಕಿ ಗಾಳಿ ಹೊಂಟ್ರ ಸರಿ. ಆ ಗಾಳಿ ಹಂಗೇ ಬಿಡ್ತಾ ಗಂಟಲ ಧ್ವನಿ ಕೂಡಸು. ತುಟಿ ಜುಮು ಜುಮು ಅನ್ನಬೇಕು. ಗಂಟಲಷ್ಟೇ ಗುಂಯ್ ಅಂದು ತುಟಿಗೆ ಏನೂ ಅನಸಲಿಲ್ಲ ಅಂದ್ರ ಅದು ಇನ್ನೂ ನಮ್ಮ ಹಳೆ 'ವ'ನೇ.

ಕಡೀಕ ಪರೀಕ್ಷಾ. ಬನಿಯನ್ ಅನ್ನೋ ವೆಸ್ಟ್, ಪಶ್ಚಿಮ ಅನ್ನೋ ವೆಸ್ಟ್, ಹಿಂದ ಮುಂದ ಮಾಡಿ ಹತ್ತು ಸಲ ಮೊಬೈಲ್‌ನಾಗ ರೆಕಾರ್ಡ್ ಮಾಡಿ ಯಾರಿಗಾದ್ರೂ ಕೇಳಸು. ಎದುರು ಕೂತು ಹೇಳಬ್ಯಾಡ, ತುಟಿ ನೋಡಿ ಹೇಳಿಬಿಡ್ತಾರ. ಒಂಬತ್ತಾದ್ರೂ ಸರಿ ಗುರುತು ಹಿಡಿದ ಮ್ಯಾಲ 'ವೆರಿ ವೆಲ್', 'ಎವ್ರಿ ವೀಕ್' ಹಿಡಿ.

ಯಾದಗಿರಿ ಅಣ್ಣ: ಫಾರ್ವರ್ಡ್ ಬಂದದ್ರಿ: ದಿನಾ ಮುಂಜಾನಿ ಹಲ್ಲಿನಾಗ ಪೆನ್ ಕಚ್ಚಿ ಪೇಪರ್ ಓದಬೇಕು, ಬಾಯಾಗ ಗೋಲಿ ಇಟ್ಕೊಂಡು ಮಾತಾಡಬೇಕು, ಎಲ್ಲಾ ಅಕ್ಷರ ಸ್ಪಷ್ಟ ಆಗ್ತಾವಂತ 🙏

ಥೆರಪಿಸ್ಟ್ ಮೇಡಂ: ಪೆನ್ ಕಚ್ಚಿದ್ರ ದವಡಿ ತೆರೆದೇ ಇರ್ತದ, ತುಟಿ ಹಲ್ಲಿಗೆ ಮುಟ್ಟೋದು ಹೆಂಗ? ವಿ ಬರೋ ದಾರಿನೇ ಬಂದ್. ಗೋಲಿ ಗಂಟಲಾಗ ಸಿಕ್ಕಿ ಉಸಿರು ಕಟ್ಟಿದ್ರ ಫಾರ್ವರ್ಡ್ ಮಾಡಿದವರು ಬರಂಗಿಲ್ಲ. ಮಕ್ಕಳು ಇರೋ ಮನಿಯಾಗಂತೂ ಇದನ್ನ ತೋರಸಲೇಬ್ಯಾಡ್ರಿ.

ಬೀದರ್ ಕಾಕಾ: ಮೇಲಿನ ಹಲ್ಲಿನ ಸೆಟ್ ಹೊಸದು ಹಾಕ್ಸೀನಿ ಮೇಡಂ. ಆವಾಗಿಂದ 'ಫೈವ್' ಅಂದ್ರ ಬರೇ ಗಾಳಿ.

ಥೆರಪಿಸ್ಟ್ ಮೇಡಂ: ಕಾಕಾ, ನಿಮಗ ವ್ಯಾಯಾಮ ಬ್ಯಾಡ. ಸೆಟ್‌ನ ಮುಂದಿನ ಹಲ್ಲು ಗಿಡ್ಡ ಆಗ್ಯಾವೋ, ಮುಂದ ಕೂತಾವೋ ನೋಡಬೇಕು. ಹಲ್ಲಿನ ಡಾಕ್ಟರ್ ಮುಂದ ಕೂತು 'ಫಿಫ್ಟಿ ಫೈವ್' ಅನ್ರಿ. ಹಲ್ಲಿನ ತುದಿ ಕೆಳತುಟಿಯ ಹಸಿ, ಒಣ ಕೂಡೋ ಗೆರಿಗೆ ತಾಕಬೇಕು. ಅವರಿಗೆ ಗೊತ್ತಿರ್ತದ, ನೀವೇ ಮನ್ಯಾಗ ಉಜ್ಜಲಿಕ್ಕೆ ಹೋಗಬ್ಯಾಡ್ರಿ.

ಚಿತ್ತಾಪುರದವ: ಡಬ್ಲ್ಯು ಹೆಂಗ ಹೇಳೋದ್ರಿ ಮೇಡಂ?

ಥೆರಪಿಸ್ಟ್ ಮೇಡಂ: ಮ್ಯಾಲ ಬರ್ದೀನಿ.

ಸುರಪುರದವ: ಇದೆಲ್ಲಾ ಯಾಕ್ ಬೇಕು? ಅವರು 'ಳ' ಸರಿ ಅಂತಾರೇನು? ನಾವೇ ಯಾಕ ಅವರ ಹಂಗ ಬಾಯಿ ತಿರುವಬೇಕು.

ಸೇಡಂ ಹುಡುಗಿ: ಅಣ್ಣಾ, ಪಗಾರ ನೀವು ಕೊಡ್ತೀರೇನು?

ಸುರಪುರದವ: ಕೇಳಿದ್ದಕ್ಕ ಹಿಂಗ ಅಂತಿ. ನಮ್ಮ ಮಾವ ದುಬೈನಾಗ ಒಂದೇ 'ವ' ಇಟ್ಕೊಂಡು ಹದಿನೈದು ವರ್ಷ ದುಡದಾನ.

ಶಹಾಬಾದ್ ಭಾಯಿ: ಉರ್ದುದಾಗೂ ಒಂದೇ ವಾವ್ ಅದ, ಯಾರೂ ಸತ್ತಿಲ್ಲ 😀

ಹುಮನಾಬಾದ್ ಸರ್: ವಿಷಯ ಬಿಟ್ಟು ಎಲ್ಲೆಲ್ಲೋ ಹೋಗ್ಲಾಕತ್ತೀರಿ. ಕಚ್ಚೋದು ತಪ್ಪು ಅಂತ ನಾ ಇನ್ನೂ ಒಪ್ಪಿಲ್ಲ.

ಥೆರಪಿಸ್ಟ್ ಮೇಡಂ: ಸರ್, 'ವ್ವ್ವ್' ಅಂತ ಐದು ಸೆಕೆಂಡ್ ಎಳೀರಿ. ಗಟ್ಟಿ ಕಚ್ಚಿ ಎಳಿಯೋಕ ಬಂದ್ರ ನನಗ ಹೇಳ್ರಿ.

ಆಳಂದ ಅಕ್ಕ: ನನ್ನ ಮಗಗ ಆರು ವರ್ಷ, 'ರ' ಬರಂಗಿಲ್ಲ ಮೇಡಂ.

ಸೇಡಂ ಹುಡುಗಿ: ಮೇಡಂ, 'ವೆಟ್' ಬಂತು. ಆದ್ರ ಕಟ್ಟಿಗಿಯ 'ವುಡ್' ಬರೇ 'ಉಡ್' ಆಗ್ತದ, 'ವುಮನ್'ನೂ ಹಂಗೇ.

ಥೆರಪಿಸ್ಟ್ ಮೇಡಂ: ಮುಂದೂ ಉ, ಹಿಂದೂ ಉ, ಜಾರೋದು ಕಾಣಂಗಿಲ್ಲ, ಅದಕ್ಕ. ಮೊದಲ ತುಟಿ ಇನ್ನೂ ಬಿಗಿ ಗುಂಡ ಮಾಡಿ ತಟ್ನೆ ಸಡಲು ಬಿಡು. ಇದು ತಡಾ ಹಿಡಿತದ. ಇಂಟರ್‌ವ್ಯೂ ಹತ್ರ ಇದ್ರ ಇದರ ಬೆನ್ನು ಹತ್ತಬ್ಯಾಡ, 'ವೆರಿ ವೆಲ್' ಗಟ್ಟಿ ಮಾಡು.

ಯಾದಗಿರಿ ಅಣ್ಣ: ನಾಲಿಗಿಗೆ ಬಜೆ ತೇದು ಹಚ್ಚಿದ್ರ? ಇದೂ ಬಂದದ 🙏

ಥೆರಪಿಸ್ಟ್ ಮೇಡಂ: ತೊಂದ್ರಿ ತುಟಿದು, ನೀವು ಹಚ್ಚೋದು ನಾಲಿಗಿಗೆ. ಇನ್ನೊಂದು ಫಾರ್ವರ್ಡ್ ಹಾಕಿದ್ರ ನಾ ಉತ್ತರ ಕೊಡಂಗಿಲ್ಲ.

ಚಿತ್ತಾಪುರದವ: ಮ್ಯಾಲ ಅಂದ್ರ ಎಲ್ಲಿ ಮೇಡಂ?